M10ರೊಳಗೆ ಅಡಗಿರುವ ಎರಡು ವ್ಯಾಸಗಳು

ಡ್ರಾಯಿಂಗ್ ಹಾಳೆಯ ಮೂಲೆಯಲ್ಲಿ, ಬೋಲ್ಟ್ ಪೊಟ್ಟಣದ ಮೇಲೆ, ಟ್ಯಾಪ್‌ನ ಹಿಡಿಕೆಯ ಮೇಲೆ ಕಾಣುವುದು ಇಷ್ಟೇ: M10. ಒಂದು ಅಕ್ಷರ, ಒಂದು ಸಂಖ್ಯೆ. ಆ M ಮೆಟ್ರಿಕ್ ಥ್ರೆಡ್‌ ಎಂಬುದರ ಗುರುತು, 10 ಬೋಲ್ಟ್‌ನ ಹೊರವ್ಯಾಸ, ಮಿಲಿಮೀಟರಿನಲ್ಲಿ. ಆದರೆ ಬೋಲ್ಟ್ ನಟ್ಟಿನೊಳಗೆ ಸರಿಯಾಗಿ ಕೂರುತ್ತದೋ ಇಲ್ಲವೋ ಎಂಬುದನ್ನು ಈ ಹತ್ತು ಮಿಲಿಮೀಟರ್ ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವುದು ಪಿಚ್ ವ್ಯಾಸ. ರಂಧ್ರಕ್ಕೆ ಯಾವ ಡ್ರಿಲ್ ಹಾಕಬೇಕು, ಬೋಲ್ಟಿನ ನಡುವೆ ಎಷ್ಟು ಲೋಹ ಉಳಿದಿರುತ್ತದೆ ಎಂಬುದಕ್ಕೆ ಬೇಕಾದದ್ದು ಮೈನರ್ ವ್ಯಾಸ. ಎರಡೂ M10 ಎಂಬ ಬರಹದಲ್ಲಿ ಕಾಣುವುದಿಲ್ಲ, ಎರಡನ್ನೂ ಅದರಿಂದಲೇ ಹೊರತೆಗೆಯಬಹುದು. ಐಟಿಐನಲ್ಲಿ ಕಲಿಯುವ ಹುಡುಗರಿಗೆ ಎರಡು ಸೂತ್ರಗಳನ್ನು ಒಂದರ ಕೆಳಗೊಂದು ಬರೆಸಿ, ಎರಡೂ ಒಂದೇ ಬಗೆಯ ಲೆಕ್ಕ ಎಂಬಂತೆ ಕಲಿಸುವುದು ರೂಢಿ. ನನ್ನ ತಕರಾರು ಇರುವುದು ಅಲ್ಲೇ. ಪಿಚ್ ವ್ಯಾಸಕ್ಕೆ ಉತ್ತರ ಒಂದೇ. ಮೈನರ್ ವ್ಯಾಸಕ್ಕೆ ಉತ್ತರ, ನೀವು ಕೇಳುತ್ತಿರುವುದು ನಟ್ಟಿನದೋ ಬೋಲ್ಟಿನದೋ ಎಂಬುದರ ಮೇಲೆ ಬದಲಾಗುತ್ತದೆ. ಇದು ತಿಳಿಯದೆ ಹೋದರೆ ಸೂತ್ರ ಬಾಯಿಪಾಠವಾಗಿದ್ದರೂ ಕೆಲಸ ಕೆಡುತ್ತದೆ.

ಲೆಕ್ಕಕ್ಕೆ ಮೊದಲು ಬೇಕಾದದ್ದು ಪಿಚ್, ಅಂದರೆ ಒಂದು ಸುತ್ತಿನ ನೆತ್ತಿಯಿಂದ ಪಕ್ಕದ ಸುತ್ತಿನ ನೆತ್ತಿಗೆ ಇರುವ ದೂರ. ಅದು M10 ಎಂಬಲ್ಲಿ ಬರೆದಿಲ್ಲ. ಬರೆಯದೆ ಇರುವುದೇ ಇಲ್ಲಿ ಸೂಚನೆ: ಪಿಚ್ ಕೊಡದಿದ್ದರೆ ಅದು ಕೋರ್ಸ್ ಥ್ರೆಡ್, ಅಂದರೆ ಆ ವ್ಯಾಸಕ್ಕೆ ಗೊತ್ತುಮಾಡಿರುವ ದಪ್ಪ ಸರಣಿಯ ಪಿಚ್ ಎಂದು ತಿಳಿಯಬೇಕು. ಫೈನ್ ಥ್ರೆಡ್ ಆಗಿದ್ದರೆ M10×1.25 ಎಂದು ಬಿಡಿಸಿ ಬರೆಯುತ್ತಾರೆ. ಅಮೆರಿಕದ ರೂಢಿಯಲ್ಲಿ ಕೋರ್ಸ್ ಥ್ರೆಡ್‌ಗೂ M10×1.5 ಎಂದು ಪಿಚ್ ಸೇರಿಸಿಯೇ ಬರೆಯುತ್ತಾರೆ. ಒಂದೆರಡು ಅಂಕಿ ಹೆಚ್ಚು ಬರೆದರೂ ಓದುವವನ ತಲೆನೋವು ತಪ್ಪುತ್ತದೆ, ನನಗಂತೂ ಅದೇ ಹೆಚ್ಚು ಜಾಣತನ ಅನ್ನಿಸುತ್ತದೆ. ನಮ್ಮಲ್ಲಿ ಐಎಸ್‌ಒ ಕ್ರಮವನ್ನೇ ಅನುಸರಿಸುವ ಭಾರತೀಯ ಮಾನಕ IS 4218ರ ಕೋಷ್ಟಕ ನೋಡಿ ಪಿಚ್ ತಿಳಿಯಬೇಕು. M10ಕ್ಕೆ ಅದು 1.5 ಮಿ.ಮೀ.

ಕೋಷ್ಟಕ ನೋಡದೆ ಪಿಚ್ ಊಹಿಸುವ ಒಂದು ಕೈಚಳಕ ಬಹಳ ಜನರ ಬಳಿ ಇದೆ. M8ಕ್ಕೆ 1.25, M10ಕ್ಕೆ 1.5, M12ಕ್ಕೆ 1.75, ವ್ಯಾಸ ಎರಡು ಹೆಚ್ಚಿದರೆ ಪಿಚ್ ಕಾಲು ಮಿಲಿಮೀಟರ್ ಹೆಚ್ಚುತ್ತದೆ ಎಂಬ ಲೆಕ್ಕ. ಕೆಳಗಿನ M6ಕ್ಕೆ 1, ಮೇಲಿನ M14ಕ್ಕೆ 2 ಎಂದೂ ಇದು ಸರಿಯಾಗಿಯೇ ಹೇಳುತ್ತದೆ. ಐದು ಬಾರಿ ಸರಿ ಬಂದದ್ದು ಆರನೆಯ ಸಲವೂ ಬರುತ್ತದೆ ಎಂದು ನಂಬಿದರೆ M16ಕ್ಕೆ 2.25 ಎಂದು ಬರೆಯುತ್ತೀರಿ. ನಿಜವಾದ ಪಿಚ್ 2. M14ಕ್ಕೂ M16ಕ್ಕೂ ಒಂದೇ ಪಿಚ್. M18, M20, M22 ಮೂರಕ್ಕೂ 2.5. ಕೆಳಗೆ ಇಳಿದರೂ ಹಾಗೆಯೇ, M5ರ ಪಿಚ್ 0.8, M4ರದು 0.7, ಕೈಚಳಕ ಹೇಳುವ 0.875 ಮತ್ತು 0.75 ಅಲ್ಲ. ಈ ಸರಣಿ ಯಾವುದೋ ಸಮೀಕರಣದಿಂದ ಹುಟ್ಟಿದ್ದಲ್ಲ. ಹಳೆಯ ರೂಢಿ, ಉಪಕರಣಗಳ ಲಭ್ಯತೆ, ಪಿಚ್‌ಗಳ ಸಂಖ್ಯೆ ಮಿತಿಯಲ್ಲಿರಲಿ ಎಂಬ ಆಸೆ, ಇವೆಲ್ಲ ಕೂಡಿ ಆದ ಒಪ್ಪಂದ ಅದು. ಆದ್ದರಿಂದ ಹೆಸರಿನಿಂದ ವ್ಯಾಸ ಕಂಡುಹಿಡಿಯುವ ದಾರಿಯಲ್ಲಿ ಈ ಒಂದು ಹೆಜ್ಜೆಯನ್ನು ಮಾತ್ರ ತರ್ಕದಿಂದ ಇಡಲಾಗದು, ನೋಡಿಯೇ ತಿಳಿಯಬೇಕು. ಅಲ್ಲಿಂದ ಮುಂದಿನದೆಲ್ಲ ರೇಖಾಗಣಿತ.

ಕೈಯಲ್ಲಿರುವುದು ಹೆಸರಲ್ಲ, ಬರಿಯ ಬೋಲ್ಟ್ ಎಂದಾದರೆ ಪಿಚ್ ಗೇಜಿನ ಎಲೆ ಹಿಡಿದು ನೋಡಬಹುದು, ಅಥವಾ ಹತ್ತು ಪಿಚ್‌ಗಳ ಉದ್ದವನ್ನು ಒಟ್ಟಿಗೆ ಅಳೆಯಬಹುದು. ಹೀಗೆ ಒಟ್ಟಿಗೆ ಅಳೆಯುವುದಕ್ಕೆ ಕಾರಣವಿದೆ. ಹಳೆಯ ಯಂತ್ರಗಳಿಂದ ಬಿಚ್ಚಿಟ್ಟ ಬೋಲ್ಟ್‌ಗಳ ಡಬ್ಬಿಯಲ್ಲಿ M10ರ ಜೊತೆ ಮೂರೆಂಟಾಂಶ ಇಂಚಿನವೂ ಬೆರೆತಿರುತ್ತವೆ. ಅವುಗಳಲ್ಲಿ ಇಂಚಿಗೆ ಹದಿನಾರು ಸುತ್ತು, ಅಂದರೆ ಪಿಚ್ ಸುಮಾರು 1.59 ಮಿ.ಮೀ. 1.5ಕ್ಕೂ 1.59ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಹತ್ತು ಪಿಚ್ ಅಳೆದರೆ ಒಂದು 15 ಮಿ.ಮೀ., ಇನ್ನೊಂದು ಸುಮಾರು 15.9, ಆಗ ಅನುಮಾನ ಉಳಿಯುವುದಿಲ್ಲ. M10ರ ನಟ್ಟಿಗೆ ಇಂಚಿನ ಬೋಲ್ಟ್ ಹಾಕಿದರೆ ಮೊದಮೊದಲು ಸಡಿಲವಾಗಿ ಹೊಕ್ಕು ಆಮೇಲೆ ಬಿಗಿಯತೊಡಗುತ್ತದೆ. ಬಿಗಿಯಾಯಿತಲ್ಲ ಎಂದು ಸ್ಪ್ಯಾನರ್ ಹಾಕಿ ಇನ್ನಷ್ಟು ತಿರುಗಿಸುವವರೂ ಇದ್ದಾರೆ. ಅದು ಬಿಗಿಯಲ್ಲ, ಸುತ್ತುಗಳು ಒಂದನ್ನೊಂದು ತಿನ್ನುತ್ತಿರುವುದು.

ಪಿಚ್ ಸಿಕ್ಕ ಮೇಲೆ ಒಂದು ತ್ರಿಕೋನ ಬರೆದುಕೊಳ್ಳಿ. ಮೆಟ್ರಿಕ್ ಥ್ರೆಡ್‌ನ ಎರಡು ಇಳಿಜಾರುಗಳ ನಡುವಿನ ಕೋನ 60 ಡಿಗ್ರಿ. ಬೋಲ್ಟನ್ನು ಉದ್ದಕ್ಕೆ ಸೀಳಿದರೆ ಕಾಣುವ ಹಲ್ಲುಗಳನ್ನು ಮೊನೆಯಾಗುವವರೆಗೆ ಮನಸ್ಸಿನಲ್ಲೇ ಬೆಳೆಸಿದರೆ ಸಮಬಾಹು ತ್ರಿಕೋನಗಳ ಸಾಲು ಸಿಗುತ್ತದೆ, ಒಂದೊಂದರ ಬುಡದ ಅಗಲ ಒಂದು ಪಿಚ್. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಗೊತ್ತುಮಾಡಿದ ಕೋನ 55 ಡಿಗ್ರಿ, ನೆತ್ತಿ ತಳಗಳೆರಡೂ ದುಂಡು. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲರ್ಸ್ ಅದನ್ನು ಬಿಟ್ಟು 60 ಡಿಗ್ರಿಯನ್ನೂ ಚಪ್ಪಟೆ ನೆತ್ತಿಯನ್ನೂ ಮುಂದಿಟ್ಟ. ಅವನ ವಾದ ಕುಶಲಕರ್ಮಿಯ ವಾದ: ಸಾಮಾನ್ಯ ವರ್ಕ್‌ಶಾಪಿನಲ್ಲಿ 55 ಡಿಗ್ರಿಯನ್ನು ನಿಖರವಾಗಿ ಮಾಡುವುದೂ ಪರೀಕ್ಷಿಸುವುದೂ ಕಷ್ಟ, ಸಮಬಾಹು ತ್ರಿಕೋನವನ್ನು ಯಾರು ಬೇಕಾದರೂ ಮಾಡಬಹುದು. 1898ರ ಜ್ಯೂರಿಕ್ ಸಮ್ಮೇಳನದಲ್ಲಿ ಯುರೋಪಿನ ಮೆಟ್ರಿಕ್ ಥ್ರೆಡ್ ಒಪ್ಪಿಗೆಯಾದಾಗಲೂ 60 ಡಿಗ್ರಿಯೇ ಗೆದ್ದಿತು. ನಮ್ಮ ಲೆಕ್ಕ ಇಷ್ಟು ಸುಲಭವಾಗಿರುವುದಕ್ಕೆ ಆ ಆಯ್ಕೆಯೇ ಕಾರಣ. ಸಮಬಾಹು ತ್ರಿಕೋನದ ಎತ್ತರ ಬಾಹುವಿನ 0.866 ಪಾಲು ಎಂಬುದು ಹೈಸ್ಕೂಲಿನ ಪಾಠ. ಆ ಎತ್ತರವನ್ನು H ಎನ್ನೋಣ. M10ಕ್ಕೆ H ಎಂದರೆ 1.5ರ 0.866 ಪಾಲು, ಅಂದರೆ 1.299 ಮಿ.ಮೀ.

ಮೊನೆಯಾದ ಹಲ್ಲು ಯಾರಿಗೂ ಬೇಡ. ತಾಗಿದರೆ ಮುರಿಯುತ್ತದೆ, ಕೈ ಕೊಯ್ಯುತ್ತದೆ. ಹಾಗಾಗಿ ಮಾನಕ ಈ ತ್ರಿಕೋನದ ಮೇಲಿನಿಂದ ಎಂಟನೇ ಒಂದು ಪಾಲು H, ಕೆಳಗಿನಿಂದ ನಾಲ್ಕನೇ ಒಂದು ಪಾಲು H ಕತ್ತರಿಸಿ ಹಾಕುತ್ತದೆ. ಉಳಿಯುವ ಎತ್ತರ ಎಂಟರಲ್ಲಿ ಐದು ಪಾಲು. 10 ಮಿ.ಮೀ. ಎಂಬುದು ಕತ್ತರಿಸಿದ ಮೇಲಿನ ನೆತ್ತಿಯ ವ್ಯಾಸ ಎಂಬುದನ್ನು ಮರೆಯಬಾರದು. ಈಗ ಪೂರ್ಣ ತ್ರಿಕೋನದ ಸರಿಯಾಗಿ ಅರ್ಧ ಎತ್ತರದಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಹಲ್ಲಿನ ಅಗಲ ಅರ್ಧ ಪಿಚ್, ಪಕ್ಕದ ಕಣಿವೆಯ ಅಗಲವೂ ಅರ್ಧ ಪಿಚ್. ಲೋಹವೂ ಖಾಲಿಯೂ ಸಮವಾಗುವ ಈ ಗೆರೆಯ ವ್ಯಾಸವೇ ಪಿಚ್ ವ್ಯಾಸ. ನೆತ್ತಿಯಿಂದ ಅಲ್ಲಿಗೆ ಆಳ ಎಷ್ಟು? ಅರ್ಧದಿಂದ ಎಂಟನೇ ಒಂದನ್ನು ಕಳೆದರೆ ಎಂಟರಲ್ಲಿ ಮೂರು ಪಾಲು H. ವ್ಯಾಸವಾದ್ದರಿಂದ ಎರಡೂ ಕಡೆ ಕಳೆಯಬೇಕು. ಕತ್ತರಿಸಿದ ತಳದವರೆಗೆ ಇಳಿದರೆ ಒಂದು ಕಡೆ ಎಂಟರಲ್ಲಿ ಐದು ಪಾಲು. H ಇರುವಲ್ಲಿ 0.866P ಇಟ್ಟು ಗುಣಿಸಿದರೆ ಪುಸ್ತಕದ ಎರಡು ಸೂತ್ರಗಳು ತಾವಾಗಿಯೇ ಬಂದು ನಿಲ್ಲುತ್ತವೆ:

```
ಪಿಚ್ ವ್ಯಾಸ   d2 = d − 0.6495 P
ಮೈನರ್ ವ್ಯಾಸ  D1 = d − 1.0825 P
```

M10ಕ್ಕೆ ಇಟ್ಟು ನೋಡೋಣ. 0.6495ನ್ನು 1.5ರಿಂದ ಗುಣಿಸಿದರೆ 0.974, ಹತ್ತರಿಂದ ಕಳೆದರೆ ಪಿಚ್ ವ್ಯಾಸ 9.026 ಮಿ.ಮೀ. 1.0825ನ್ನು 1.5ರಿಂದ ಗುಣಿಸಿದರೆ 1.624, ಕಳೆದರೆ ಮೈನರ್ ವ್ಯಾಸ 8.376 ಮಿ.ಮೀ. ಪಿಚ್ ತಪ್ಪಾಗಿ ಹಿಡಿದರೆ ಏನಾಗುತ್ತದೆಂಬುದೂ ಇಲ್ಲೇ ಕಾಣುತ್ತದೆ. M16ಕ್ಕೆ 2.25 ಎಂದು ಊಹಿಸಿದವನಿಗೆ ಮೈನರ್ ವ್ಯಾಸ 13.564 ಬರುತ್ತದೆ, ನಿಜದಲ್ಲಿ ಅದು 13.835. ಕಾಲು ಮಿಲಿಮೀಟರಿಗಿಂತ ಹೆಚ್ಚು ಚಿಕ್ಕ ರಂಧ್ರದಲ್ಲಿ ಟ್ಯಾಪ್ ತಿರುಗಿಸಲು ಹೊರಟರೆ ಮುರಿಯುವುದು ಟ್ಯಾಪ್.

ಇಷ್ಟಕ್ಕೆ ಒಂದು ಆಕ್ಷೇಪ ಬರುತ್ತದೆ: ಕೋಷ್ಟಕದಲ್ಲಿ ಪಿಚ್ ನೋಡುವುದೇ ಆದರೆ ಪಕ್ಕದ ಅಂಕಣದಲ್ಲಿ ಈ ಎರಡು ವ್ಯಾಸಗಳೂ ಅಚ್ಚಾಗಿವೆ, ಮತ್ತೆ ಲೆಕ್ಕ ಏಕೆ? ಆಕ್ಷೇಪ ನ್ಯಾಯವಾದದ್ದು. ದಿನವೂ M10, M12 ಮಾಡುವ ಅಂಗಡಿಯಲ್ಲಿ ಯಾರೂ ವರ್ಗಮೂಲ ತೆಗೆಯುತ್ತ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಆದರೆ ಅದೇ ಕೋಷ್ಟಕದಲ್ಲಿ M10ರ ಸಾಲಿನಲ್ಲಿ ಎಂಟು ಚಿಲ್ಲರೆಯ ಎರಡು ಸಂಖ್ಯೆಗಳು ಕೂತಿರುತ್ತವೆ, 8.376 ಮತ್ತು 8.160. ಪಕ್ಕದಲ್ಲಿ ಡ್ರಿಲ್ ಪಟ್ಟಿ ಇದ್ದರೆ ಅಲ್ಲಿ ಮೂರನೆಯದು, 8.5. ಮೂರನ್ನೂ ಜನ ಮೈನರ್ ವ್ಯಾಸ ಎಂದೇ ಕರೆಯುವುದುಂಟು. ಯಾವುದು ಸರಿ ಎಂದು ಕೋಷ್ಟಕ ಹೇಳುವುದಿಲ್ಲ. ಯಾವುದು ಎಲ್ಲಿಂದ ಬಂತು ಎಂದು ತಿಳಿದವನು ಮಾತ್ರ ಸರಿಯಾದದ್ದನ್ನು ಆರಿಸುತ್ತಾನೆ.

8.376 ಎಂಬುದು ಮೂಲ ಆಕಾರದ ವ್ಯಾಸ, ನಟ್ಟಿನ ಒಳಗೋಡೆಯ ವ್ಯಾಸ. ನಟ್ಟಿನ ಹಲ್ಲಿನ ನೆತ್ತಿ ಇರುವುದು ಒಳಗಡೆ. ಅದು ಇದಕ್ಕಿಂತ ಒಳಕ್ಕೆ ಚಾಚುವಂತಿಲ್ಲ. ಬೋಲ್ಟಿನ ಕಥೆ ಬೇರೆ. ನಟ್ಟಿನ ನೆತ್ತಿ ಬೋಲ್ಟಿನ ತಳಕ್ಕೆ ತಾಗಕೂಡದು, ತಾಗಿದರೆ ಇಳಿಜಾರುಗಳು ಒತ್ತಿ ಕೂರುವ ಮೊದಲೇ ತಳ ಸಿಕ್ಕಿಕೊಳ್ಳುತ್ತದೆ. ಅದೂ ಅಲ್ಲದೆ ಬೋಲ್ಟಿನ ತಳದಲ್ಲಿ ಚೂಪು ಮೂಲೆ ಇದ್ದರೆ ಎಳೆತ ಅಲ್ಲಿ ಒಟ್ಟುಗೂಡಿ ಬಿರುಕು ಹುಟ್ಟುತ್ತದೆ. ಆದ್ದರಿಂದ ಬೋಲ್ಟಿನ ತಳವನ್ನು ಚಪ್ಪಟೆಯಾಗಿ ನಿಲ್ಲಿಸದೆ ಇನ್ನೂ ಸ್ವಲ್ಪ ಆಳಕ್ಕೆ ಇಳಿಸಿ ದುಂಡಗೆ ಮುಗಿಸುತ್ತಾರೆ. ಆ ದುಂಡಿನ ತ್ರಿಜ್ಯವನ್ನು H-ನ ಆರನೇ ಒಂದು ಪಾಲು ಎಂದು ಇಟ್ಟುಕೊಂಡರೆ ತಳ ಸಿಗುವುದು d − 1.2269P-ಯಲ್ಲಿ, ಅಂದರೆ M10ಕ್ಕೆ 8.160. ಒಂದೇ ಹೆಸರಿನ ಥ್ರೆಡ್‌ಗೆ ನಟ್ಟಿನ ಕಡೆಯಿಂದ ಒಂದು ಮೈನರ್ ವ್ಯಾಸ, ಬೋಲ್ಟಿನ ಕಡೆಯಿಂದ ಇನ್ನೊಂದು; ನಡುವೆ 0.216 ಮಿ.ಮೀ. ಅಂತರ. ಅದು ತಪ್ಪಲ್ಲ, ಬೇಕೆಂದೇ ಬಿಟ್ಟ ಜಾಗ.

8.5ರ ವಿಷಯದಲ್ಲಿ ಆಕ್ಷೇಪ ಇನ್ನೂ ಬಿರುಸು. ಫಿಟ್ಟರ್‌ಗಳು ಹೇಳುವ ಮಾತು ಸರಳ: ವ್ಯಾಸದಿಂದ ಪಿಚ್ ಕಳೆ, ಡ್ರಿಲ್ ಹಾಕು. ಹತ್ತರಿಂದ ಒಂದೂವರೆ ಕಳೆದರೆ ಎಂಟೂವರೆ, ಟ್ಯಾಪ್ ಸಲೀಸಾಗಿ ಇಳಿಯುತ್ತದೆ, ಬೋಲ್ಟ್ ಗಟ್ಟಿಯಾಗಿ ಕೂರುತ್ತದೆ. ಹಾಗಾದರೆ 1.0825 ಎಂಬ ಗುಣಾಂಕ ಯಾವ ಪುರುಷಾರ್ಥಕ್ಕೆ? ಉತ್ತರ ಮಾನಕದ ಮಿತಿಗಳಲ್ಲಿದೆ. ಸಾಮಾನ್ಯ ಕೆಲಸದ ನಟ್ಟಿಗೆ ಒಪ್ಪುವ ದರ್ಜೆ 6H. ಆ ದರ್ಜೆಯಲ್ಲಿ M10ರ ಒಳವ್ಯಾಸ 8.376ಕ್ಕಿಂತ ಕಡಿಮೆ ಇರಕೂಡದು, 8.676ಕ್ಕಿಂತ ಹೆಚ್ಚಿರಕೂಡದು. 8.5 ಈ ಮುನ್ನೂರು ಮೈಕ್ರಾನ್ ಅಗಲದ ಬಯಲಿನಲ್ಲಿ ಆರಾಮಾಗಿ ನಿಂತಿದೆ. ಪಿಚ್ ಕಳೆಯುವ ಲೆಕ್ಕ ಸೂತ್ರಕ್ಕೆ ವಿರೋಧವಲ್ಲ. ಕನಿಷ್ಠದಿಂದ ಕೊಂಚ ಮೇಲೆ ಬೇಕೆಂದೇ ನಿಂತ ಅಂದಾಜು. ಅದರಿಂದ ಹಲ್ಲಿನ ಎತ್ತರದಲ್ಲಿ ಸುಮಾರು ನೂರಕ್ಕೆ ಎಂಟು ಪಾಲು ಮಾತ್ರ ಕಡಿಮೆಯಾಗುತ್ತದೆ, ಪ್ರತಿಯಾಗಿ ಟ್ಯಾಪ್ ಕಡಿಯಬೇಕಾದ ಲೋಹವೂ ಅದರ ಮೇಲಿನ ಭಾರವೂ ಇಳಿಯುತ್ತವೆ. 8.376ಕ್ಕೆ ಹತ್ತಿರ ಎಂದು ಯಾರಾದರೂ 8.4ರ ಡ್ರಿಲ್ ತಂದರೆ ಅವರು ಗಣಿತಕ್ಕೆ ನಿಷ್ಠರಾಗಿ ಟ್ಯಾಪ್‌ಗೆ ದ್ರೋಹ ಮಾಡುತ್ತಿದ್ದಾರೆ, ವಿಶೇಷವಾಗಿ ಸ್ಟೇನ್‌ಲೆಸ್ ಸ್ಟೀಲಿನಂಥ ಅಂಟಿ ಹಿಡಿಯುವ ಲೋಹದಲ್ಲಿ. ಸೂತ್ರ ಕೊಡುವುದು ದಾಟಬಾರದ ಗಡಿಯನ್ನು. ಗಡಿಯ ಮೇಲೆಯೇ ಮನೆ ಕಟ್ಟು ಎಂದು ಅದು ಹೇಳಿಲ್ಲ.

ಮೈನರ್ ವ್ಯಾಸ ಹೀಗೆ ಮೂರು ಮುಖ ತೋರಿಸುವಾಗ ಪಿಚ್ ವ್ಯಾಸ ಮಾತ್ರ ಒಂದೇ ಕಡೆ ನಿಲ್ಲುವುದೇಕೆ? ಬೋಲ್ಟೂ ನಟ್ಟೂ ಮುಟ್ಟುವುದು ಇಳಿಜಾರುಗಳಲ್ಲಿ. ನೆತ್ತಿಯಲ್ಲೂ ಇಲ್ಲ, ತಳದಲ್ಲೂ ಇಲ್ಲ. ನೆತ್ತಿಯನ್ನು ಎಷ್ಟು ಚಪ್ಪಟೆ ಮಾಡಿದಿರಿ, ತಳವನ್ನು ಎಷ್ಟು ದುಂಡು ಮಾಡಿದಿರಿ ಎಂಬುದು ಇಳಿಜಾರಿನ ಜಾಗವನ್ನು ಬದಲಿಸುವುದಿಲ್ಲ. ಪಿಚ್ ವ್ಯಾಸ ಇಳಿಜಾರು ಎಲ್ಲಿದೆ ಎಂಬುದನ್ನಷ್ಟೇ ಹೇಳುವ ಅಳತೆ. ಅದಕ್ಕೇ ಬೋಲ್ಟಿಗೂ ನಟ್ಟಿಗೂ ಮೂಲ ಪಿಚ್ ವ್ಯಾಸ ಒಂದೇ, 9.026.

ಇದನ್ನು ಲೇತ್ ಮುಂದೆ ನಿಂತವರು ಚೆನ್ನಾಗಿ ಬಲ್ಲರು, ಅಥವಾ ಒಮ್ಮೆ ಕೆಲಸ ಕೆಟ್ಟ ಮೇಲೆ ತಿಳಿಯುತ್ತಾರೆ. 10 ಮಿ.ಮೀ. ಸರಳಿನ ಮೇಲೆ M10 ಕಡಿಯಬೇಕು. ಪುಸ್ತಕದಲ್ಲಿ ಬೋಲ್ಟಿನ ಥ್ರೆಡ್ ಆಳ 0.6134P, ಅಂದರೆ 0.92 ಮಿ.ಮೀ. ಎಂದಿದೆ. ಆದರೆ ಟೂಲನ್ನು ಗ್ರೈಂಡರ್ ಮೇಲೆ ಉಜ್ಜಿ, 60 ಡಿಗ್ರಿಯ ಗೇಜಿನಲ್ಲಿ ಬೆಳಕು ಸೋರದಂತೆ ಮಾಡಿ, ಮೊನೆಯನ್ನು ಸೂಜಿಯಂತೆ ಬಿಟ್ಟಿದ್ದಾರೆ ಅನ್ನಿ. ಆ ಟೂಲ್ 0.92 ಒಳಕ್ಕೆ ಹೋದಾಗ ಡಯಲ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ನಟ್ ಮಾತ್ರ ಹತ್ತುವುದಿಲ್ಲ. ಕಾರಣ, 0.92 ಎಂಬ ಆಳ ದುಂಡು ಮೂತಿಯ ಟೂಲಿಗೆ ಸೇರಿದ್ದು. ಚೂಪು ಮೊನೆ ಅಷ್ಟೇ ಆಳಕ್ಕೆ ಹೋದಾಗ ಕಣಿವೆ ಇನ್ನೂ ಇಕ್ಕಟ್ಟಾಗಿರುತ್ತದೆ, ಇಳಿಜಾರುಗಳು ಹೊರಗೇ ಉಳಿದಿರುತ್ತವೆ. ಲೆಕ್ಕ ಹಾಕಿದರೆ ಆ ಹಂತದಲ್ಲಿ ಪಿಚ್ ವ್ಯಾಸ ಸುಮಾರು 9.46, ಬೇಕಾದದ್ದಕ್ಕಿಂತ 0.43 ಮಿ.ಮೀ. ದೊಡ್ಡದು. ಇಳಿಜಾರು 9.026ಕ್ಕೆ ಬರಬೇಕಾದರೆ ಚೂಪು ಟೂಲ್ ಎಂಟರಲ್ಲಿ ಏಳು ಪಾಲು H ಇಳಿಯಬೇಕು, ಅಂದರೆ 1.137 ಮಿ.ಮೀ. ಆಗ ನಟ್ ಹತ್ತುತ್ತದೆ, ಆದರೆ ತಳದ ವ್ಯಾಸ 7.73ಕ್ಕೆ ಕುಸಿದಿರುತ್ತದೆ, ಮೂಲೆಯೂ ಚೂಪು. ಪಿಚ್ ವ್ಯಾಸ ಪಕ್ಕಾ, ಮೈನರ್ ವ್ಯಾಸ ಪುಸ್ತಕದಿಂದ ದೂರ. ಹಲವು ಪಿಚ್‌ಗಳಿಗೆ ಒಂದೇ ಎಂದು ಮಾರುವ ಇನ್ಸರ್ಟ್‌ಗಳಲ್ಲೂ ಇದೇ ಪಾಡು. ಅವುಗಳ ಮೂತಿಯ ತ್ರಿಜ್ಯ ಆ ಸಾಲಿನ ಅತಿ ಸಣ್ಣ ಪಿಚ್‌ಗೆ ತಕ್ಕಂತಿರುವುದರಿಂದ ದೊಡ್ಡ ಪಿಚ್‌ನಲ್ಲಿ ಕೋಷ್ಟಕಕ್ಕಿಂತ ಆಳಕ್ಕೆ ಇಳಿಸಬೇಕಾಗುತ್ತದೆ. ಆಳದ ಅಂಕಿಯನ್ನು ನಂಬಿ ಥ್ರೆಡ್ ಕಡಿಯಬಾರದು, ಪಿಚ್ ವ್ಯಾಸವನ್ನು ಗುರಿಯಾಗಿಟ್ಟುಕೊಂಡು ಕಡಿಯಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನೊಂದು ಆಕ್ಷೇಪ ಪರೀಕ್ಷಾ ಕೋಣೆಯಿಂದ ಬರುತ್ತದೆ. 9.026 ಇರುವ ಬೋಲ್ಟನ್ನು ಯಾರೂ ಮಾಡುವುದಿಲ್ಲ, ಅಂಥ ಬೋಲ್ಟ್ ಬಂದರೆ ತಿರಸ್ಕರಿಸುತ್ತಾರೆ, ಹಾಗಿದ್ದ ಮೇಲೆ ಮೂರು ದಶಮಾಂಶದವರೆಗೆ ಲೆಕ್ಕ ಹಾಕಿ ಏನು ಉಪಯೋಗ? ಮಾತಿನ ಮೊದಲರ್ಧ ನಿಜ. ಸಾಮಾನ್ಯ ಬೋಲ್ಟಿನ ದರ್ಜೆ 6g. ಅದರಲ್ಲಿ g ಎಂಬ ಅಕ್ಷರ, ಬೋಲ್ಟ್ ಮೂಲ ಆಕಾರದಿಂದ ಒಂದಿಷ್ಟು ಒಳಗೇ ಇರಬೇಕು ಎನ್ನುತ್ತದೆ; 1.5 ಪಿಚ್‌ಗೆ ಅದು 0.032 ಮಿ.ಮೀ. ಹಾಗಾಗಿ M10 ಬೋಲ್ಟಿನ ಪಿಚ್ ವ್ಯಾಸದ ಗರಿಷ್ಠ ಮಿತಿ 8.994, ಕನಿಷ್ಠ 8.862. ಹೊರವ್ಯಾಸವೂ ಹತ್ತನ್ನು ಮುಟ್ಟುವಂತಿಲ್ಲ, ಹೆಚ್ಚೆಂದರೆ 9.968. ನಟ್ಟಿನ ಕಡೆಗೆ 6H ದರ್ಜೆಯಲ್ಲಿ ಮಿತಿ 9.026ರಿಂದ ಶುರುವಾಗಿ 9.206ರವರೆಗೆ ಹೊರಕ್ಕೆ ಸಾಗುತ್ತದೆ. ಬೋಲ್ಟ್ ಗೆರೆಯ ಈಚೆ, ನಟ್ ಗೆರೆಯ ಆಚೆ. ಗೆರೆ ಇರುವುದು 9.026ರಲ್ಲಿ. ಈ ಮಿತಿಗಳೆಲ್ಲ ಆ ಗೆರೆಯಿಂದಲೇ ಅಳೆದವು. ಗೆರೆ ಕಂಡುಹಿಡಿಯದೆ ಸಹಿಷ್ಣುತೆಯ ಕೋಷ್ಟಕವನ್ನು ಅನ್ವಯಿಸಲಾಗದು. ಮೇಲೆ ಸತುವಿನ ಲೇಪನ ಕೊಡುವ ಬೋಲ್ಟಿನಲ್ಲಿ ಈ 0.032 ಎಷ್ಟು ಬೇಗ ಖರ್ಚಾಗುತ್ತದೆ ಎಂಬುದನ್ನೂ ಇದೇ ಲೆಕ್ಕ ತೋರಿಸುತ್ತದೆ. ಇಳಿಜಾರಿನ ಮೇಲೆ ಕೂತ ಲೇಪನ ಪಿಚ್ ವ್ಯಾಸವನ್ನು ತನ್ನ ದಪ್ಪದ ನಾಲ್ಕರಷ್ಟು ಹಿಗ್ಗಿಸುತ್ತದೆ, ಏಕೆಂದರೆ 60 ಡಿಗ್ರಿಯ ಇಳಿಜಾರಿನ ಮೇಲಿನ ದಪ್ಪ ತ್ರಿಜ್ಯದ ದಿಕ್ಕಿನಲ್ಲಿ ಇಮ್ಮಡಿಯಾಗುತ್ತದೆ, ವ್ಯಾಸದಲ್ಲಿ ಮತ್ತೆ ಇಮ್ಮಡಿ. ಎಂಟು ಮೈಕ್ರಾನ್ ಸತುವು ಹತ್ತಿಸಿದರೆ 0.032 ಪೂರ್ತಿ ಮುಗಿಯಿತು.

ಪಿಚ್ ವ್ಯಾಸವನ್ನು ವರ್ನಿಯರ್ ಅಳೆಯಲಾರದು. ಅದರ ದವಡೆ ಕೂರುವುದು ನೆತ್ತಿಯ ಮೇಲೆ, ಬೇಕಾದ ಗೆರೆ ಇರುವುದು ಇಳಿಜಾರಿನ ನಡುವೆ. ಹೊರವ್ಯಾಸ 9.9 ಇದೆ, ಬೋಲ್ಟ್ ಚೆನ್ನಾಗಿದೆ ಎಂದು ಪಾಸು ಮಾಡಿದ ಮಾಲು ನಟ್ಟಿನಲ್ಲಿ ಗಡಗಡ ಅಲ್ಲಾಡುವುದು ಇದರಿಂದಲೇ. ಹಳೆಯ ಆದರೆ ಇಂದಿಗೂ ನಂಬುವ ಉಪಾಯ ಮೂರು ತಂತಿಗಳದ್ದು. ಒಂದೇ ದಪ್ಪದ ಮೂರು ನಿಖರ ತಂತಿಗಳನ್ನು, ಒಂದು ಬದಿಯ ಕಣಿವೆಯಲ್ಲಿ ಒಂದು, ಎದುರು ಬದಿಯ ಅಕ್ಕಪಕ್ಕದ ಎರಡು ಕಣಿವೆಗಳಲ್ಲಿ ಒಂದೊಂದು ಕೂರಿಸಿ, ಮೇಲಿಂದ ಮೈಕ್ರೋಮೀಟರ್ ಹಿಡಿಯುತ್ತಾರೆ. ತಂತಿಯ ದಪ್ಪ 0.577P ಇದ್ದರೆ ಅದು ಸರಿಯಾಗಿ ಪಿಚ್ ಗೆರೆಯ ಮೇಲೆಯೇ ಇಳಿಜಾರನ್ನು ಮುಟ್ಟುತ್ತದೆ, ಕೋನ ತುಸು ತಪ್ಪಿದ್ದರೂ ಅಳತೆ ಅಷ್ಟಾಗಿ ಕೆಡುವುದಿಲ್ಲ. M10ಕ್ಕೆ ಆ ತಂತಿ 0.866 ಮಿ.ಮೀ. ಹಾಗೆ ಅಳೆದ ಸಂಖ್ಯೆಯಿಂದ 1.299 ಕಳೆದರೆ ಪಿಚ್ ವ್ಯಾಸ. 1.299 ಎಂದರೆ ನಾವು ಮೊದಲೇ ಕಂಡ H. ತಂತಿಗಳ ಸೂತ್ರದಲ್ಲಿ ಮೂರು ತಂತಿಯ ದಪ್ಪದಿಂದ ಒಂದು H ಕಳೆದಾಗ ಉಳಿಯುವುದು ಅಷ್ಟೇ. ಹಾಗಾಗಿ 6g ಬೋಲ್ಟಿನ ಮೇಲೆ ಮೈಕ್ರೋಮೀಟರ್ 10.161ಕ್ಕೂ 10.293ಕ್ಕೂ ನಡುವೆ ತೋರಿಸಬೇಕು. 10.40 ತೋರಿಸಿದರೆ ಇನ್ನೂ ಕಡಿಯಬೇಕು, 10.10 ತೋರಿಸಿದರೆ ಆ ಬೋಲ್ಟ್ ಹೋಯಿತು, ಹೊರವ್ಯಾಸ ಎಷ್ಟೇ ಚಂದ ಇದ್ದರೂ.

ಬೋಲ್ಟಿನ ಬಲದ ಲೆಕ್ಕದಲ್ಲಿ ಈ ಎರಡು ವ್ಯಾಸಗಳೂ ಒಟ್ಟಿಗೆ ಬರುತ್ತವೆ, ಅಲ್ಲಿಯೂ ನಟ್ಟಿನ ಮೈನರ್ ವ್ಯಾಸಕ್ಕೆ ಜಾಗವಿಲ್ಲ. ಎಳೆದಾಗ ಬೋಲ್ಟ್ ತುಂಡಾಗುವ ಅಡ್ಡಸೀಳು ಎಷ್ಟು ದೊಡ್ಡದು? ತಳದ 8.160 ಹಿಡಿದರೆ 52.3 ಚದರ ಮಿ.ಮೀ., ಹೊರವ್ಯಾಸ ಹಿಡಿದರೆ 78.5. ಮಾನಕ ಒಪ್ಪಿಕೊಂಡಿರುವುದು ಪಿಚ್ ವ್ಯಾಸ ಮತ್ತು ಬೋಲ್ಟಿನ ತಳವ್ಯಾಸಗಳ ಸರಾಸರಿಯನ್ನು: 9.026 ಮತ್ತು 8.160ರ ನಡುವಿನ 8.593. ಸುತ್ತುಗಳು ಸುರುಳಿಯಾಗಿ ಹೋಗುವುದರಿಂದ ಯಾವ ಅಡ್ಡಸೀಳಿನಲ್ಲೂ ಸುತ್ತಲೂ ತಳವೇ ಇರುವುದಿಲ್ಲ, ಒಂದು ಬದಿಯಲ್ಲಾದರೂ ಹಲ್ಲಿನ ಲೋಹ ಆಸರೆಗೆ ಇರುತ್ತದೆ. ಎಳೆದು ಮುರಿದ ಬೋಲ್ಟ್‌ಗಳೂ ಈ ಸರಾಸರಿಗೆ ಹತ್ತಿರದ ಬಲವನ್ನೇ ತೋರಿಸುತ್ತವೆ. ಅದರ ವಿಸ್ತೀರ್ಣ 58 ಚದರ ಮಿ.ಮೀ. ತಲೆಯ ಮೇಲೆ 8.8 ಎಂದು ಅಚ್ಚಾದ ಬೋಲ್ಟಿನ ಉಕ್ಕು ಚದರ ಮಿಲಿಮೀಟರಿಗೆ 800 ನ್ಯೂಟನ್ ತಡೆಯುತ್ತದೆ, ಆದ್ದರಿಂದ M10 ಬೋಲ್ಟ್ ಮುರಿಯುವ ಬಲ 46,400 ನ್ಯೂಟನ್. ಹತ್ತು ಮಿಲಿಮೀಟರ್ ಎಂದು ಹೆಸರೇ ಹೇಳುತ್ತದಲ್ಲ ಎಂದು ಹೊರವ್ಯಾಸ ಹಿಡಿದು ಲೆಕ್ಕ ಹಾಕಿದವನಿಗೆ 62,800 ಬರುತ್ತದೆ, ಮೂರನೇ ಒಂದು ಪಾಲಿಗಿಂತ ಹೆಚ್ಚು ಸುಳ್ಳು ಬಲ. ಚೂಪು ಟೂಲಿನಿಂದ 7.73ರವರೆಗೆ ಕಡಿದ ಬೋಲ್ಟಿಗಂತೂ 46,400 ಕೂಡ ಸಲ್ಲುವುದಿಲ್ಲ. ಅಲ್ಲಿ ಸರಾಸರಿ ವ್ಯಾಸ 8.38ಕ್ಕೆ ಇಳಿದಿರುತ್ತದೆ, ವಿಸ್ತೀರ್ಣ 55ಕ್ಕೆ. ಒಮ್ಮೆ ಎಳೆದು ಬಿಡುವ ಕಡೆ ಇದು ನೂರಕ್ಕೆ ಐದರ ನಷ್ಟ. ಆದರೆ ಕಂಪ್ರೆಸರಿನಂತೆ ಸದಾ ನಡುಗುವ ಯಂತ್ರದಲ್ಲಿ ವಿಸ್ತೀರ್ಣಕ್ಕಿಂತ ಆ ಚೂಪು ಮೂಲೆಯೇ ಮೊದಲು ಕೈಕೊಡುತ್ತದೆ, 8.8 ಮತ್ತು ಅದಕ್ಕೆ ಮೇಲಿನ ದರ್ಜೆಯ ಬೋಲ್ಟ್‌ಗಳಲ್ಲಿ ತಳದ ತ್ರಿಜ್ಯ 0.125P-ಗಿಂತ, ಅಂದರೆ M10ರಲ್ಲಿ 0.188 ಮಿ.ಮೀ.ಗಿಂತ, ಕಡಿಮೆ ಇರಕೂಡದೆಂದು ಮಾನಕ ಬೇರೆಯಾಗಿಯೇ ಹೇಳಿರುವುದು ಅದಕ್ಕಾಗಿ.